ಅಡಿಕೆ ಅಂಗಡಿಯ ನಾಲ್ಕು ಜನ: ಒಂದು ಪಾಠದ ಸ್ಲೈಡ್‌ಗಳ ರಿಪೇರಿ

ಬದಿಯಡ್ಕ ಕಡೆಯ ಒಂದು ಶಾಲೆಯಲ್ಲಿ ಪ್ಲಸ್ ಟು ಮಕ್ಕಳಿಗೆ ಡೇಟಾಬೇಸ್ ಬಗ್ಗೆ ಒಂದು ಗಂಟೆಯ ಪಾಠ ಇತ್ತು. ಒಂದು ಉದ್ದನೆಯ ಪಟ್ಟಿಯನ್ನು ಯಾಕೆ ಎರಡು ಟೇಬಲ್ ಮಾಡಬೇಕು, ಮಾಡಿದ ಮೇಲೆ ಬೇಕಾದಾಗ ಹೇಗೆ ಜೋಡಿಸಬೇಕು, ಇಷ್ಟೇ ವಿಷಯ. ಪಾಠ ಮಾಡುವವರು ಅಲ್ಲಿನ ಟೀಚರ್. ಸ್ಲೈಡ್‌ಗಳನ್ನು ಸರಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಏನೇನು ಬದಲಾಯಿಸಿದೆವು, ಯಾಕೆ ಬದಲಾಯಿಸಿದೆವು ಅಂತ ಇಲ್ಲಿ ಬರೆದಿಡುತ್ತಿದ್ದೇನೆ.

ಕೈಗೆ ಬಂದದ್ದು

ಹಳೇ ಕಡತದಲ್ಲಿ 31 ಸ್ಲೈಡ್ ಇದ್ದವು. ಹಲವರ ಕೈ ದಾಟಿ ಬಂದ ಕಡತ ಅದು. ಮೂರನೇ ಸ್ಲೈಡ್‌ನಲ್ಲಿ ಮಕ್ಕಳ ಅಂಕಪಟ್ಟಿ ಇತ್ತು. ಎಂಟರಲ್ಲಿ ಯಾವುದೋ ಕಂಪೆನಿಯ ನೌಕರರು ಮತ್ತು ಅವರ ವಿಭಾಗ. ಹದಿಮೂರರಲ್ಲಿ ಗಿರಾಕಿ ಮತ್ತು ಆರ್ಡರ್. ಹತ್ತೊಂಬತ್ತರಲ್ಲಿ ಲೈಬ್ರರಿ. ಇಪ್ಪತ್ತನಾಲ್ಕರಲ್ಲಿ ಮತ್ತೆ ನೌಕರರು, ಆದರೆ ಹೆಸರು ಬೇರೆ, ಸಂಬಳ ಬೇರೆ.

ಒಂದೊಂದನ್ನೇ ತೆಗೆದು ನೋಡಿದರೆ ಯಾವುದರಲ್ಲೂ ತಪ್ಪಿಲ್ಲ. ತೊಂದರೆ ಇರುವುದು ಸ್ಲೈಡ್‌ಗಳ ನಡುವೆ. ಹೊಸ ಟೇಬಲ್ ಪರದೆಗೆ ಬಂದಾಗಲೆಲ್ಲ ಮಕ್ಕಳು ಮೊದಲು ಕಾಲಂಗಳ ಹೆಸರು ಓದಬೇಕು, ಯಾರು ಯಾರು ಅಂತ ನೋಡಬೇಕು, ಆಮೇಲೆ ತಾನೇ ವಿಷಯಕ್ಕೆ ಬರುವುದು? ಅಷ್ಟರಲ್ಲಿ ಟೀಚರ್ ಮುಂದಿನ ಸ್ಲೈಡ್‌ಗೆ ಹೋಗಿರುತ್ತಾರೆ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಎಂಟನೇ ಸ್ಲೈಡ್‌ನಲ್ಲಿ ನೌಕರರ ಪಟ್ಟಿಯಲ್ಲಿ ಒಂದೇ ಫೋನ್ ನಂಬರ್ ಹಲವು ಸಾಲುಗಳಲ್ಲಿ ಬರುವುದನ್ನು ತೋರಿಸಿ, ಇದು ಸರಿಯಲ್ಲ ಅಂತ ಹೇಳಿತ್ತು. ಅದಕ್ಕೆ ಪರಿಹಾರವಾಗಿ ಎರಡು ಟೇಬಲ್ ಬಂದದ್ದು ಹದಿಮೂರರಲ್ಲಿ, ಗಿರಾಕಿ ಮತ್ತು ಆರ್ಡರ್ ಇಟ್ಟುಕೊಂಡು. ಅಂದರೆ ರೋಗ ಒಬ್ಬರಿಗೆ, ಮದ್ದು ಇನ್ನೊಬ್ಬರಿಗೆ. ಕೆಟ್ಟಿದ್ದ ಪಟ್ಟಿಯೇ ಸರಿಯಾದದ್ದನ್ನು ಮಕ್ಕಳು ಕಣ್ಣಾರೆ ನೋಡಲೇ ಇಲ್ಲ. ಟೇಬಲ್ ಬೇರೆ ಮಾಡಿದರೆ ಒಳ್ಳೆಯದು ಅಂತ ಟೀಚರ್ ಹೇಳಿದ್ದನ್ನು ನಂಬಬೇಕಾಯಿತು, ಅಷ್ಟೇ.

ಹಾಗಾಗಿ ಮೊದಲು ಒಂದೇ ಉದಾಹರಣೆ ಹುಡುಕಬೇಕು, ಅದನ್ನು ಕೊನೆಯವರೆಗೂ ಹಿಡಿದುಕೊಳ್ಳಬೇಕು ಅಂತ ತೀರ್ಮಾನ ಮಾಡಿದೆವು.

ಯಾವುದನ್ನು ಆರಿಸುವುದು

ಮನಸ್ಸಿಗೆ ಬಂದ ಮೊದಲ ಉದಾಹರಣೆಯನ್ನು ಹಿಡಿಯಲಿಲ್ಲ. ಪಾಠದಲ್ಲಿ ತೋರಿಸಲೇಬೇಕಾದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆವು. ಒಂದೇ ಮಾಹಿತಿ ಹಲವು ಸಾಲಲ್ಲಿ ಬರಬೇಕು. ಒಂದು ಸಾಲು ಅಳಿಸಿದರೆ ಬೇಕಾದ ಇನ್ನೇನೋ ಜೊತೆಗೇ ಹೋಗಬೇಕು. ಪಟ್ಟಿಯಲ್ಲಿ ಜಾಗವೇ ಸಿಗದ ಒಬ್ಬರು ಇರಬೇಕು. ಒಂದೇ ಹೆಸರಿನ ಇಬ್ಬರು ಇರಬೇಕು, ಇಲ್ಲದಿದ್ದರೆ ಐಡಿ ಯಾಕೆ ಅಂತ ಯಾರಿಗೂ ಅನಿಸುವುದಿಲ್ಲ. ಕೊನೆಗೆ ಜೋಡಿಸಿ, ಕೂಡಿಸಿ ಒಂದು ಮೊತ್ತ ಬರಬೇಕು, ಆ ಮೊತ್ತ ಯಾರಿಗಾದರೂ ನಿಜವಾಗಿ ಬೇಕಾದದ್ದಾಗಿರಬೇಕು.

ಟೀಚರ್ ಮೊದಲು ಹೇಳಿದ್ದು ಬಸ್ಸು. ಕಾಸರಗೋಡು, ಕುಂಬಳೆ, ಬದಿಯಡ್ಕ, ಪೆರ್ಲ, ಮಕ್ಕಳು ದಿನಾ ಓಡಾಡುವ ದಾರಿ ತಾನೇ. ಆದರೆ ಒಂದು ಬಸ್ಸಿಗೆ ಹಲವು ಸ್ಟಾಪ್, ಒಂದು ಸ್ಟಾಪಿಗೆ ಹಲವು ಬಸ್ಸು. ಮೊದಲ ಸ್ಲೈಡ್‌ನಿಂದಲೇ ಮೂರನೇ ಟೇಬಲ್ ಬೇಕಾಗುತ್ತದೆ. ಹೊಸಬರಿಗೆ ಅಲ್ಲಿಂದ ಶುರು ಮಾಡಬಾರದು. ಲೈಬ್ರರಿಯದ್ದೂ ಅದೇ ಕಥೆ: ಪುಸ್ತಕ, ಸದಸ್ಯ, ಎರವಲು ಅಂತ ಮೂರು ಟೇಬಲ್, ಮೇಲೆ ಇನ್ನೂ ಹಿಂದಿರುಗಿಸದ ಪುಸ್ತಕದ ತಾರೀಕು ಖಾಲಿ. ಆ ಖಾಲಿ ಜಾಗವನ್ನು ವಿವರಿಸುವುದಕ್ಕೇ ಹತ್ತು ನಿಮಿಷ ಬೇಕು.

ಅಡಿಕೆ ಅಂಗಡಿ ಎಲ್ಲಕ್ಕೂ ಸರಿಹೊಂದಿತು. ಒಬ್ಬ ಬೆಳೆಗಾರ ಹಲವು ಸಲ ಅಡಿಕೆ ತಂದು ಕೊಡುತ್ತಾನೆ, ಒಂದೊಂದು ಸಲವೂ ಒಂದು ಚೀಟಿ. ಒಂದು ಚೀಟಿ ಒಬ್ಬನದ್ದೇ. ಒಂದು ಕಡೆ ಒಬ್ಬ, ಇನ್ನೊಂದು ಕಡೆ ಹಲವು, ಎರಡೇ ಟೇಬಲ್. ಕಿಲೋ ಗುಣಿಸು ದರ ಅಂದರೆ ದುಡ್ಡು, ಅದನ್ನು ಕೂಡಿಸುವುದು ಯಾಕೆ ಅಂತ ಇಲ್ಲಿನ ಯಾವ ಮಗುವೂ ಕೇಳುವುದಿಲ್ಲ.

ಅಡಿಕೆಯಲ್ಲಿ ಒಂದು ಅಪಾಯವೂ ಇದೆ. ಮಕ್ಕಳಿಗೆ ವಿಷಯ ನಮಗಿಂತ ಚೆನ್ನಾಗಿ ಗೊತ್ತು. ಹೊಸ ಅಡಿಕೆ, ಹಳೇ ಅಡಿಕೆ, ಪಟೋರ, ಕರಿಗೋಟು, ಒಂದೊಂದಕ್ಕೂ ಬೇರೆ ಬೇರೆ ದರ. ಹಳೇ ಅಡಿಕೆಗಿಂತ ಪಟೋರಕ್ಕೆ ಜಾಸ್ತಿ ದರ ಹಾಕಿದರೆ ಆ ಕ್ಷಣಕ್ಕೆ ಪಾಠ ನಿಂತು ದರದ ಚರ್ಚೆ ಶುರುವಾಗುತ್ತದೆ. ಅದಕ್ಕೆ ಬಗೆಗಳನ್ನು ಮೂರಕ್ಕೆ ಇಳಿಸಿದೆವು. ಹಳೇದಕ್ಕೆ ಜಾಸ್ತಿ, ಹೊಸದಕ್ಕೆ ಅದಕ್ಕಿಂತ ಕಮ್ಮಿ, ಪಟೋರಕ್ಕೆ ಇನ್ನೂ ಕಮ್ಮಿ, ಈ ಕ್ರಮ ಕೆಡದಂತೆ ನೋಡಿಕೊಂಡೆವು. ಎರಡನೇ ಸ್ಲೈಡ್‌ನ ಕೆಳಗೆ "ದರ ಲೆಕ್ಕದ ಅನುಕೂಲಕ್ಕೆ ಹಾಕಿದ್ದು, ಮಾರುಕಟ್ಟೆಯದ್ದಲ್ಲ" ಅಂತ ಒಂದು ಸಾಲು ಹಾಕಿದೆವು.

ನಾಲ್ಕು ಜನ, ಆರು ಚೀಟಿ

ಇಡೀ ಪಾಠದಲ್ಲಿ ಇಷ್ಟೇ ಮಾಹಿತಿ. ಇದಕ್ಕಿಂತ ಒಂದು ಸಾಲೂ ಜಾಸ್ತಿ ಇಲ್ಲ.

```sql
INSERT INTO belegara (id, hesaru, ooru, phone) VALUES
 (1, 'ಸುಬ್ಬಣ್ಣ', 'ನೀರ್ಚಾಲು',  '111'),
 (2, 'ಮೂಸ',    'ಪೆರ್ಲ',      '222'),
 (3, 'ಸುಬ್ಬಣ್ಣ', 'ಮುಳ್ಳೇರಿಯ', '333'),
 (4, 'ಲಕ್ಷ್ಮಿ',   'ಬಾಯಾರು',   '444');

INSERT INTO khareedi
 (chiti, belegara_id, dina, bage, kilo, dara) VALUES
 (101, 1, '2024-02-05', 'ಹೊಸ',  20, 400),
 (102, 2, '2024-02-05', 'ಹೊಸ',  15, 400),
 (103, 1, '2024-02-05', 'ಪಟೋರ',  5, 300),
 (104, 3, '2024-02-06', 'ಹಳೆ',  18, 500),
 (105, 2, '2024-02-06', 'ಹೊಸ',  10, 400),
 (106, 1, '2024-02-07', 'ಹಳೆ',   7, 500);
```

ಫೋನ್ ನಂಬರ್ ಮೂರೇ ಅಂಕೆ ಇರುವುದು ಬೇಕಂತಲೇ. ಹತ್ತು ಅಂಕೆ ಸುಮ್ನೆ ಬರೆದರೆ ಅದು ಯಾರದ್ದೋ ನಿಜವಾದ ನಂಬರ್ ಆಗಿರಬಹುದು. ಮೂರು ಅಂಕೆ ಆದರೆ ಹಿಂದಿನ ಬೆಂಚಿಗೂ ಓದಲು ಸುಲಭ.

ಈ ನಾಲ್ಕು ಜನರಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಕೆಲಸ ಇದೆ. ನೀರ್ಚಾಲಿನ ಸುಬ್ಬಣ್ಣನಿಗೆ ಮೂರು ಚೀಟಿ. ಎಲ್ಲ ಒಂದೇ ಪಟ್ಟಿಯಲ್ಲಿದ್ದಾಗ ಅವನ ಫೋನ್ ಮೂರು ಸಲ ಬರುತ್ತದೆ. ನಂಬರ್ ಬದಲಾದಾಗ ಎರಡು ಕಡೆ ತಿದ್ದಿ ಮೂರನೆಯದನ್ನು ಬಿಟ್ಟರೆ ಯಾವುದು ಸರಿ ಅಂತ ಹೇಳುವವರಿಲ್ಲ. ಮುಳ್ಳೇರಿಯದ ಸುಬ್ಬಣ್ಣನಿಗೆ ಒಂದೇ ಚೀಟಿ. ಆ 104ನ್ನು ಅಳಿಸಿದರೆ ಅವನ ಊರು, ಫೋನ್ ಎಲ್ಲ ಪಟ್ಟಿಯಿಂದ ಹೋಗುತ್ತದೆ. ಬಾಯಾರಿನ ಲಕ್ಷ್ಮಿ ಅಂಗಡಿಯಲ್ಲಿ ಹೆಸರು ಬರೆಸಿದ್ದಾಳೆ, ಇನ್ನೂ ಅಡಿಕೆ ತಂದಿಲ್ಲ. ಖರೀದಿಯ ಪಟ್ಟಿಯಲ್ಲಿ ಅವಳನ್ನು ಎಲ್ಲಿ ಬರೆಯುವುದು? ಜಾಗವೇ ಇಲ್ಲ. ಮೂಸನಿಗೆ ಎರಡು ಚೀಟಿ, ಯಾವ ಗೊಂದಲವೂ ಇಲ್ಲ. ಅವನೂ ಬೇಕು: ಪ್ರತಿ ಫಲಿತಾಂಶದಲ್ಲೂ ಸರಿಯಾಗಿ ಬರುವ ಒಂದು ಸಾಲು ಇದ್ದರೆ, ತಪ್ಪಿದ ಸಾಲು ತಾನಾಗಿ ಎದ್ದು ಕಾಣುತ್ತದೆ.

ಮೊದಲ ಸ್ಲೈಡ್‌ನಲ್ಲಿ ಒಂದೇ ಪ್ರಶ್ನೆ ಇಟ್ಟೆವು: ನೀರ್ಚಾಲಿನ ಸುಬ್ಬಣ್ಣನಿಗೆ ಅಂಗಡಿಯವರು ಒಟ್ಟು ಎಷ್ಟು ಕೊಡಬೇಕು? ಪಾಠ ಮುಗಿಯುವುದು ಇದಕ್ಕೆ ಉತ್ತರ ಬಂದಾಗ.

ಅಂಕೆಗಳ ಆಯ್ಕೆ

ಹೆಸರಿಗಿಂತ ಜಾಸ್ತಿ ಹೊತ್ತು ತೆಗೆದುಕೊಂಡದ್ದು ಅಂಕೆಗಳು. ಎರಡು ನಿಯಮ ಇಟ್ಟುಕೊಂಡೆವು.

ಒಂದು, ಯಾವ ಚೀಟಿಯ ಕಿಲೋವೂ ಇನ್ನೊಂದರಂತೆ ಇರಬಾರದು, ಯಾವ ಮೊತ್ತವೂ ಇನ್ನೊಂದು ಚೀಟಿಯ ಮೊತ್ತದಂತೆ ಇರಬಾರದು. ಮೇಲಿನ ಆರು ಚೀಟಿಗಳ ಮೊತ್ತ ಕ್ರಮವಾಗಿ 8000, 6000, 1500, 9000, 4000, 3500. ಮುಂದೆ ಯಾವ ಸ್ಲೈಡ್‌ನಲ್ಲಿ 1500 ಕಂಡರೂ ಅದು ಸುಬ್ಬಣ್ಣನ ಪಟೋರ, ಬೇರೆ ಏನೂ ಆಗಿರಲು ಸಾಧ್ಯವಿಲ್ಲ. 104 ಮತ್ತು 106 ಎರಡೂ ಹತ್ತು ಹತ್ತು ಕಿಲೋ ಹಳೇ ಅಡಿಕೆ ಆಗಿದ್ದರೆ, ಫಲಿತಾಂಶದಲ್ಲಿ 5000 ಕಂಡಾಗ ಅದು ಯಾವ ಸುಬ್ಬಣ್ಣನದ್ದು ಅಂತ ಮಗು ಹಿಂದಿನ ಸ್ಲೈಡ್ ನೆನಪು ಮಾಡಿಕೊಳ್ಳುತ್ತಾ ಕೂರಬೇಕಿತ್ತು. ಎಲ್ಲ ಲೆಕ್ಕವೂ ಬಾಯಲ್ಲೇ ಮಾಡುವಂತಿರಬೇಕು. ಪರದೆಯ ಮೇಲೆ ಬಂದದ್ದು ಸರಿಯೋ ಅಂತ ಮಕ್ಕಳೇ ಪರೀಕ್ಷಿಸುವುದು ಆಗ ತಾನೇ ಸಾಧ್ಯ?

ಎರಡು, ಬೆಳೆಗಾರರ ಐಡಿ 1ರಿಂದ ಶುರು, ಚೀಟಿ ನಂಬರ್ 101ರಿಂದ ಶುರು. ಇದು ಚಂದಕ್ಕಲ್ಲ. ಚೀಟಿಗೂ 1ರಿಂದ 6 ನಂಬರ್ ಕೊಟ್ಟರೆ ಏನಾಗುತ್ತದೆ ಅಂತ ಮಾಡಿ ನೋಡಿದೆ. ಹೊಸಬರು ತುಂಬ ಸಲ ಮಾಡುವ ತಪ್ಪು ಎರಡು ಟೇಬಲ್‌ಗಳ ತಪ್ಪು ಕಾಲಂಗಳನ್ನು ಜೋಡಿಸುವುದು:

```sql
SELECT b.hesaru, b.ooru, k.chiti
FROM belegara b
JOIN khareedi k ON k.chiti = b.id;
```

ಚೀಟಿ 1ರಿಂದ ಶುರುವಾದರೆ ಇದು ನಾಲ್ಕು ಸಾಲು ಕೊಡುತ್ತದೆ. ಮೊದಲ ಸಾಲಲ್ಲಿ ಒಂದನೇ ಚೀಟಿ ನೀರ್ಚಾಲಿನ ಸುಬ್ಬಣ್ಣನಿಗೆ, ಸರಿ. ಎರಡನೇ ಚೀಟಿ ಮೂಸನಿಗೆ, ಅದೂ ಸರಿ. ಮೂರನೆಯದು ಮುಳ್ಳೇರಿಯದ ಸುಬ್ಬಣ್ಣನಿಗೆ, ತಪ್ಪು. ನಾಲ್ಕನೆಯದು ಅಡಿಕೆಯನ್ನೇ ತಂದಿರದ ಲಕ್ಷ್ಮಿಗೆ! ಮೇಲಿನ ಎರಡು ಸಾಲು ನೋಡಿದವರು ಎಲ್ಲ ಸರಿಯಾಗಿದೆ ಅಂದುಕೊಂಡು ಮುಂದೆ ಹೋಗುತ್ತಾರೆ. ಚೀಟಿ 101ರಿಂದ ಶುರುವಾದರೆ ಇದೇ ತಪ್ಪಿಗೆ ಒಂದು ಸಾಲೂ ಬರುವುದಿಲ್ಲ. ಖಾಲಿ ಪರದೆ ಕಂಡ ಮಗು ಏನೋ ತಪ್ಪಾಗಿದೆ ಅಂತ ಕೂಡಲೇ ತಿಳಿಯುತ್ತದೆ. ಪಾಠದ ನಂತರ ಮಕ್ಕಳು ಲ್ಯಾಬಿನಲ್ಲಿ ತಾವೇ ಬರೆದು ನೋಡುವಾಗ ಇದರಿಂದ ತುಂಬ ಉಪಕಾರ ಆಗುತ್ತದೆ.

ಟೀಚರ್ ಕೇಳಿದ ಪ್ರಶ್ನೆ, ಬದಲಾದ ಒಂದು ಅಂಕೆ

ಖಾಲಿ ಕ್ಲಾಸಿನಲ್ಲಿ ಒಂದು ಸಲ ಪೂರ್ತಿ ಮಾಡಿ ನೋಡುತ್ತಿದ್ದಾಗ ಟೀಚರ್ ಖರೀದಿ ಟೇಬಲ್ ಹತ್ತಿರ ನಿಂತರು.

"ಮಾಷ್ಟ್ರೇ, ಹೊಸ ಅಡಿಕೆ ಅಂದ್ರೆ 400, ಹಳೇದು ಅಂದ್ರೆ 500. ಬಗೆ ಗೊತ್ತಿದ್ರೆ ದರ ಗೊತ್ತಾಯ್ತಲ್ವಾ? ಫೋನ್ ನಂಬರ್ ಬೇರೆ ಮಾಡಿದ ಹಾಗೆ ದರವನ್ನೂ ಬೇರೆ ಟೇಬಲ್ ಮಾಡ್ಬೇಕಲ್ವಾ?"

ಪ್ರಶ್ನೆ ಪೂರ್ತಿ ಸರಿ. ಇದ್ದ ಮಾಹಿತಿಯ ಪ್ರಕಾರ ಬಗೆಗೆ ಒಂದೇ ದರ, ಹಾಗಿದ್ದರೆ ಅದು ಪದೇ ಪದೇ ಬರೆಯುವಂಥದ್ದಲ್ಲ. ನಾವು ಕಲಿಸುತ್ತಿದ್ದ ನಿಯಮವನ್ನೇ ನಮ್ಮ ಟೇಬಲ್ ಮುರಿಯುತ್ತಿತ್ತು. ಆದರೆ ನಿಜವಾದ ಅಂಗಡಿಯಲ್ಲಿ ದರ ದಿನದಿನಕ್ಕೆ ಬದಲಾಗುತ್ತದೆ. ಮಾಲು ನೋಡಿ ಒಂದೇ ದಿನ ಇಬ್ಬರಿಗೆ ಎರಡು ದರ ಕೊಡುವುದೂ ಉಂಟು. ಚೀಟಿಯಲ್ಲಿ ಬರೆಯುವುದು ಆ ವ್ಯವಹಾರಕ್ಕೆ ಕೊಟ್ಟ ದರ. ನಾಳೆ ದರ ಏರಿದರೂ ನಿನ್ನೆಯ ಚೀಟಿ ಬದಲಾಗಬಾರದು. ಹಾಗಾಗಿ ದರ ಚೀಟಿಯ ಜೊತೆಗೇ ಇರಬೇಕು. ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಟೇಬಲ್ಲೇ ಹೇಳಬೇಕು. ಫೆಬ್ರವರಿ 6ರ ಹೊಸ ಅಡಿಕೆಯ ದರವನ್ನು 400ರಿಂದ 410 ಮಾಡಿದೆವು. ಈಗ ಬಗೆ ಒಂದೇ, ದರ ಎರಡು. ಅನುಮಾನಕ್ಕೆ ಅವಕಾಶವೇ ಇಲ್ಲ.

ಒಂದು ಅಂಕೆ ಬದಲಾದರೆ ಏನೇನು ಬದಲಾಗುತ್ತದೆ ನೋಡಿ. ಚೀಟಿ 105ರ ಮೊತ್ತ 4000 ಇದ್ದದ್ದು 4100. ಮೂಸನ ಒಟ್ಟು 10000 ಇದ್ದದ್ದು 10100. ಅಂಗಡಿಯ ಒಟ್ಟು 32000 ಇದ್ದದ್ದು 32100. ಇವು ಮೊದಲ ಉದ್ದ ಪಟ್ಟಿಯಲ್ಲಿ, ಖರೀದಿ ಟೇಬಲ್‌ನಲ್ಲಿ, ಜೋಡಿಸಿದ ಫಲಿತಾಂಶದಲ್ಲಿ, ಹೆಸರಿನ ಪ್ರಕಾರದ ಮೊತ್ತದಲ್ಲಿ, ಐಡಿಯ ಪ್ರಕಾರದ ಮೊತ್ತದಲ್ಲಿ, ಹೀಗೆ ಎಲ್ಲ ಕಡೆ ಹರಡಿಕೊಂಡಿವೆ. ಒಂದು ಕಡೆ ಬಿಟ್ಟುಹೋದರೂ ಮುಂದಿನ ಬೆಂಚಿನ ಒಬ್ಬರಾದರೂ ಕೂಡಿಸಿ ನೋಡಿ ಕೈ ಎತ್ತುತ್ತಾರೆ. ಉದಾಹರಣೆ ಒಂದೇ ಆಗಿದ್ದಷ್ಟೂ ಅವರ ಕಣ್ಣು ಚುರುಕಾಗಿರುತ್ತದೆ.

ಇಲ್ಲಿ ಮೊದಲ ನಿಯಮ ಕೈ ಹಿಡಿಯಿತು. ಸ್ಲೈಡ್ ಮಾಡಿದ್ದು ಲಿಬ್ರೆ ಆಫೀಸಿನ ಇಂಪ್ರೆಸ್‌ನಲ್ಲಿ, ಕೇರಳದ ಶಾಲಾ ಲ್ಯಾಬ್‌ಗಳ ಲಿನಕ್ಸ್‌ನಲ್ಲಿ ಇರುವುದು ಅದೇ. ಅಲ್ಲಿ `Ctrl+H` ಒತ್ತಿ 4000 ಹುಡುಕಿದರೆ ಸಿಗುವುದೆಲ್ಲ ಚೀಟಿ 105ರದ್ದೇ, ಯಾಕೆಂದರೆ ಬೇರೆ ಯಾವುದರ ಮೊತ್ತವೂ 4000 ಅಲ್ಲ. ಕಣ್ಣು ಮುಚ್ಚಿ ಎಲ್ಲವನ್ನೂ ಬದಲಾಯಿಸಬಹುದು. 10000, 32000 ಕೂಡ ಹಾಗೇ. ದರದ 400 ಮಾತ್ರ ಮೂರು ಚೀಟಿಗಳಲ್ಲಿತ್ತು, ಅದರಲ್ಲಿ ಒಂದನ್ನೇ ಬದಲಾಯಿಸಬೇಕು, ಅದನ್ನು ಕೈಯಲ್ಲೇ ಮಾಡಿದೆ.

ಆದರೆ ಈ ಹುಡುಕಾಟ ಚಿತ್ರದೊಳಗೆ ಹೋಗುವುದಿಲ್ಲ. ಹಳೇ ಕಡತದಲ್ಲಿ ಫಲಿತಾಂಶಗಳೆಲ್ಲ ಸ್ಕ್ರೀನ್‌ಶಾಟ್ ಆಗಿದ್ದವು. ಹೊಸದರಲ್ಲಿ ಒಂದು ಸ್ಕ್ರೀನ್‌ಶಾಟ್ ಕೂಡ ಇಟ್ಟುಕೊಳ್ಳಲಿಲ್ಲ, ಎಲ್ಲವೂ ಇಂಪ್ರೆಸ್‌ನ ಟೇಬಲ್, ಇಲ್ಲವೇ ಅಕ್ಷರ. ಹಾಗೆಯೇ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಸಾಲುಗಳೂ ಹುಡುಕಿದರೆ ಸಿಗುವುದಿಲ್ಲ. ನೋಡಲು ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ. ಅವನ್ನು ಯೂನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡಿದೆ.

ಒಂದೇ ಮೂಲ

ಅಂಕೆಗಳನ್ನು ಸ್ಲೈಡ್‌ನಲ್ಲೇ ಕೂತು ಲೆಕ್ಕ ಹಾಕಿ ಬರೆಯುವುದನ್ನು ಬಿಟ್ಟೆವು. ಟೇಬಲ್, ಮಾಹಿತಿ, ಪಾಠದಲ್ಲಿ ಬರುವ ಎಲ್ಲ ಕ್ವೆರಿ, ಎಲ್ಲ ಒಂದು ಕಡತದಲ್ಲಿ, ಸ್ಲೈಡ್‌ಗಳ ಕ್ರಮದಲ್ಲೇ. ಏನು ಬದಲಾದರೂ ಮೊದಲು ಈ ಕಡತ ಬದಲಾಗಬೇಕು. ಆಮೇಲೆ ಹಳೇ ಡೇಟಾಬೇಸ್ ಅಳಿಸಿ ಮತ್ತೆ ಓಡಿಸುವುದು:

```
rm -f adike.db
sqlite3 adike.db < adike.sql
```

ಬಂದ ಫಲಿತಾಂಶವನ್ನು ನೋಡಿಕೊಂಡು ಸ್ಲೈಡ್ ತಿದ್ದುವುದು. ಒಂದು ಸಣ್ಣ ತೊಂದರೆ ಇದೆ: ಟರ್ಮಿನಲ್‌ನಲ್ಲಿ ಕನ್ನಡ ಹೆಸರುಗಳ ಕಾಲಂ ನೆಟ್ಟಗೆ ನಿಲ್ಲುವುದಿಲ್ಲ. ಒತ್ತಕ್ಷರ, ಗುಣಿತಗಳ ಲೆಕ್ಕದಲ್ಲಿ ಅಗಲ ತಪ್ಪಿ ಮುಂದಿನ ಕಾಲಂ ಓರೆಯಾಗುತ್ತದೆ. ಸ್ಲೈಡ್‌ನ ಟೇಬಲ್‌ಗೆ ಹಾಕಿದಾಗ ಸರಿಯಾಗುತ್ತದೆ, ಹಾಗಾಗಿ ಅದನ್ನು ಸರಿ ಮಾಡಲು ಹೋಗಲಿಲ್ಲ.

ಅಂಕೆಯ ಜೊತೆ ಇನ್ನೂ ಕೆಲವನ್ನು ಗಟ್ಟಿ ಮಾಡಿದೆವು. ಬೆಳೆಗಾರರ ಟೇಬಲ್ ಯಾವತ್ತೂ ಎಡಗಡೆ, ಹಸಿರು ತಲೆಪಟ್ಟಿ. ಖರೀದಿ ಯಾವತ್ತೂ ಬಲಗಡೆ, ಕೇಸರಿ ತಲೆಪಟ್ಟಿ. ಕ್ವೆರಿಯಲ್ಲಿ ಅವು ಯಾವತ್ತೂ `b` ಮತ್ತು `k`. ಜೋಡಿಸಿದ ಫಲಿತಾಂಶದಲ್ಲೂ ಹೆಸರು, ಊರು ಹಸಿರು, ಕಿಲೋ, ದರ ಕೇಸರಿ. ಯಾವ ಕಾಲಂ ಎಲ್ಲಿಂದ ಬಂತು ಅಂತ ವಿವರಿಸಲು ಒಂದು ಸ್ಲೈಡ್ ಇತ್ತು, ಬಣ್ಣ ಹಾಕಿದ ಮೇಲೆ ಅದು ಬೇಡವಾಯಿತು. ಬಣ್ಣ ಗುರುತಿಸಲು ಕಷ್ಟವಾಗುವ ಮಕ್ಕಳೂ ಇರುತ್ತಾರೆ, ಅವರಿಗೆ ಎಡ ಬಲ ಸಾಕು.

ಕೊನೆಗೆ ಸ್ಲೈಡ್‌ಗಳನ್ನು ಹ್ಯಾಂಡ್‌ಔಟ್ ಆಗಿ ಒಂದು ಪುಟಕ್ಕೆ ಆರರಂತೆ ಪ್ರಿಂಟ್ ತೆಗೆದು ನೆಲದ ಮೇಲೆ ಹರಡಿದೆವು. ಟೀಚರ್ ಪೆನ್ಸಿಲ್ ಹಿಡಿದು ಮೂಸನನ್ನು ಮಾತ್ರ ಮೊದಲಿಂದ ಕೊನೆಯವರೆಗೆ ಗುರುತು ಮಾಡುತ್ತಾ ಹೋದರು. ಆಮೇಲೆ ಲಕ್ಷ್ಮಿಯನ್ನು. ಪರದೆಯಲ್ಲಿ ಒಂದೊಂದೇ ಸ್ಲೈಡ್ ನೋಡುವಾಗ ಕಾಣದ್ದು ಹೀಗೆ ಕಾಣುತ್ತದೆ. ಲಕ್ಷ್ಮಿ ಐದನೇ ಸ್ಲೈಡ್‌ನಲ್ಲಿ ಬಂದವಳು ಹದಿನೆಂಟರವರೆಗೆ ಎಲ್ಲೂ ಇರಲಿಲ್ಲ. ಅಷ್ಟು ಹೊತ್ತಿಗೆ ಅವಳನ್ನು ಮಕ್ಕಳು ಮರೆತಿರುತ್ತಾರೆ. ಹನ್ನೆರಡರಲ್ಲಿ, ಚೀಟಿ ಇರುವವರನ್ನು ಮಾತ್ರ ಕೊಡುವ ಸಾದಾ ಜಾಯಿನ್ ತೋರಿಸುವಾಗ "ಲಕ್ಷ್ಮಿ ಎಲ್ಲಿ?" ಅಂತ ಒಂದು ಪ್ರಶ್ನೆ ಸೇರಿಸಿದೆವು. ಉತ್ತರವನ್ನು ಅಲ್ಲಿ ಕೊಡಲಿಲ್ಲ.

ಪಾಠದ ದಿನ

ಪಾಠದ ನಡುಭಾಗದಲ್ಲಿ ಬೇಕಂತಲೇ ಹೆಸರಿನ ಪ್ರಕಾರ ಕೂಡಿಸುವ ಸ್ಲೈಡ್ ಇತ್ತು.

```sql
SELECT b.hesaru, SUM(k.kilo * k.dara)
FROM belegara b
JOIN khareedi k ON k.belegara_id = b.id
GROUP BY b.hesaru;
```

ಫಲಿತಾಂಶ ಎರಡೇ ಸಾಲು: ಮೂಸ 10100, ಸುಬ್ಬಣ್ಣ 22000. ಟೀಚರ್ ಏನೂ ಹೇಳದೆ ಎರಡನ್ನೂ ಕೂಡಿಸಿ ಬೋರ್ಡಿನಲ್ಲಿ 32100 ಬರೆದರು. ಅಂಗಡಿಯ ಒಟ್ಟಿಗೆ ಸರಿಯಾಗಿ ತಾಳೆಯಾಗುತ್ತದೆ. ಈ ತಪ್ಪಿನ ಗುಣವೇ ಅದು: ಒಟ್ಟು ಮೊತ್ತ ನೋಡಿ ಹಿಡಿಯಲು ಆಗುವುದಿಲ್ಲ. ಮೂಸನ ಲೆಕ್ಕವೂ ಸರಿ ಇದೆ.

ಆಗ ಹಿಂದಿನ ಬೆಂಚಿನಿಂದ ಒಬ್ಬಳು, "ಟೀಚರ್, ಅದು ಇಬ್ರು ಸುಬ್ಬಣ್ಣಂದಲ್ವಾ? ನೀರ್ಚಾಲಿಂದು 13000 ಬರ್ಬೇಕು" ಅಂದಳು. ಅವಳು 8000, 1500, 3500 ನೆನಪಿಟ್ಟುಕೊಂಡು ಬಾಯಲ್ಲೇ ಕೂಡಿಸಿದ್ದಳು. ಆ ಹೊತ್ತಿಗೆ ಆ ಆರು ಚೀಟಿ ಪರದೆಯ ಮೇಲೆ ಇರಲಿಲ್ಲ, ಅವಳ ತಲೆಯಲ್ಲಿತ್ತು. ಪ್ರತಿ ಐದು ಸ್ಲೈಡಿಗೆ ಟೇಬಲ್ ಬದಲಾಗುತ್ತಿದ್ದರೆ ಈ ಮಾತು ಬರುತ್ತಲೇ ಇರಲಿಲ್ಲ ಅಂತ ನನಗೆ ಖಾತ್ರಿ ಇದೆ.

ಮುಂದಿನ ಸ್ಲೈಡ್‌ನಲ್ಲಿ ಊರನ್ನೂ ತೋರಿಸಲು `b.ooru` ಸೇರಿಸಿ, ಕೊನೆಯ ಸಾಲನ್ನು `GROUP BY b.id` ಮಾಡಿದ್ದು. ಉಳಿದದ್ದೆಲ್ಲ ಹಾಗೇ, ಬದಲಾದದ್ದಕ್ಕೆ ಮಾತ್ರ ಹಳದಿ ಹಿನ್ನೆಲೆ. 13000, 10100, 9000. ಮೊದಲ ಸ್ಲೈಡ್‌ನ ಪ್ರಶ್ನೆಗೆ ಉತ್ತರ ಸಿಕ್ಕಿತು. ನಾವು ಬಳಸಿದ ಎಸ್‌ಕ್ಯುಲೈಟ್‌ನಲ್ಲಿ ಇಷ್ಟು ಸಾಕು. ಕೆಲವು ಡೇಟಾಬೇಸ್‌ಗಳು ಹೆಸರು, ಊರನ್ನೂ ಆ ಸಾಲಲ್ಲಿ ಬರೆಯಬೇಕು ಅನ್ನುತ್ತವೆ.

ಆಮೇಲೆ ಲಕ್ಷ್ಮಿ. ಜಾಯಿನ್ ಇದ್ದದ್ದನ್ನು ಲೆಫ್ಟ್ ಜಾಯಿನ್ ಮಾಡಿ, ಚೀಟಿಗಳನ್ನು ಎರಡು ರೀತಿ ಎಣಿಸಿದೆವು:

```sql
SELECT b.hesaru, b.ooru, COUNT(*), COUNT(k.chiti)
FROM belegara b
LEFT JOIN khareedi k ON k.belegara_id = b.id
GROUP BY b.id;
```

ಉಳಿದ ಮೂವರಿಗೆ ಎರಡೂ ಎಣಿಕೆ ಒಂದೇ: 3, 2, 1. ಲಕ್ಷ್ಮಿಗೆ ಮೊದಲನೆಯದು 1, ಎರಡನೆಯದು 0. ಲೆಫ್ಟ್ ಜಾಯಿನ್ ಅವಳಿಗಾಗಿ ಚೀಟಿಯ ಜಾಗ ಖಾಲಿ ಇರುವ ಒಂದು ಸಾಲು ಮಾಡುತ್ತದೆ. `COUNT(*)` ಆ ಸಾಲನ್ನೇ ಎಣಿಸುತ್ತದೆ. `COUNT(k.chiti)` ಖಾಲಿ ಅಲ್ಲದ ಚೀಟಿಗಳನ್ನು ಮಾತ್ರ ಎಣಿಸುತ್ತದೆ. ಅಡಿಕೆ ತಾರದವಳಿಗೆ ಒಂದು ಚೀಟಿ ಅಂತ ಬಂದದ್ದು ತಪ್ಪು ಅಂತ ಮಕ್ಕಳಿಗೆ ಹೇಳಿಕೊಡಬೇಕಾಗಲಿಲ್ಲ. ಲಕ್ಷ್ಮಿಯ ಸಂಗತಿ ಐದನೇ ಸ್ಲೈಡ್‌ನಿಂದಲೇ ಅವರಿಗೆ ಗೊತ್ತಿತ್ತು.

ಅಡಿಕೆ ಬಿಟ್ಟ ಜಾಗ, ಬಾಕಿ ಉಳಿದದ್ದು

ಅಭ್ಯಾಸದ ಹಾಳೆಯಲ್ಲಿ ಮಾತ್ರ ಅಡಿಕೆ ಇಟ್ಟುಕೊಳ್ಳಲಿಲ್ಲ. ಅಲ್ಲೂ ಸುಬ್ಬಣ್ಣ, ಮೂಸ ಇದ್ದರೆ ಮಕ್ಕಳು ವಿಷಯ ತಿಳಿದು ಬರೆದರೋ, ನೋಡಿದ್ದನ್ನು ನೆನಪಿನಿಂದ ಬರೆದರೋ ಗೊತ್ತಾಗುವುದಿಲ್ಲ. ಶಾಲೆಯ ಕ್ರೀಡಾಕೂಟದ ಪಟ್ಟಿ ಕೊಟ್ಟೆವು: ಮಕ್ಕಳು ಮತ್ತು ಅವರು ಗೆದ್ದ ಬಹುಮಾನಗಳು. ಒಂದೇ ಹೆಸರಿನ ಇಬ್ಬರು, ಬಹುಮಾನ ಬಾರದ ಒಬ್ಬಳು, ಇವನ್ನು ಅಲ್ಲಿ ಮಕ್ಕಳೇ ಹುಡುಕಬೇಕು. ತುಂಬ ಜನ ಐಡಿ ಹಾಕಿದ್ದರು. `COUNT(*)` ಬರೆದವರೂ ಕೆಲವರಿದ್ದರು, ಅವರಿಗೆ ಟೀಚರ್ ಮತ್ತೆ ಹದಿನೆಂಟನೇ ಸ್ಲೈಡ್ ತೋರಿಸಿದರು.

31 ಸ್ಲೈಡ್ ಇದ್ದದ್ದು 22ಕ್ಕೆ ಇಳಿಯಿತು. ಹೋದವುಗಳಲ್ಲಿ ಹೆಚ್ಚಿನವು ಹೊಸ ಟೇಬಲ್ಲನ್ನು ಪರಿಚಯ ಮಾಡಿಸುವ ಸ್ಲೈಡ್‌ಗಳೇ.

ಎರಡೂ ಕಡೆ ಹಲವು ಇರುವ ಸಂಬಂಧದ ಬಗ್ಗೆ ಹಳೇ ಕಡತದಲ್ಲಿ ಕೊನೆಗೆ ಮೂರು ಸ್ಲೈಡ್ ಇದ್ದವು. ಅವನ್ನು ತೆಗೆದೆ. ನಮ್ಮ ಅಂಗಡಿಯಲ್ಲಿ ಒಂದು ಚೀಟಿಗೆ ಒಂದೇ ಬಗೆ, ಹಾಗಾಗಿ ಅದು ಇಲ್ಲಿ ಸಹಜವಾಗಿ ಬರುವುದಿಲ್ಲ. ಆ ಮೂರು ಸ್ಲೈಡಿಗಾಗಿ ಬೇರೆ ಉದಾಹರಣೆ ತಂದಿದ್ದರೆ ಕೊನೆಯ ಹತ್ತು ನಿಮಿಷದಲ್ಲಿ ಮತ್ತೆ ಮೊದಲಿನ ಕಥೆಯೇ. ಟೀಚರ್‌ಗೆ ಸ್ವಲ್ಪ ಬೇಸರ ಆಯಿತು, ಪರೀಕ್ಷೆಗೆ ಅದು ಬರುತ್ತದೆ. ಅದಕ್ಕೆ ಇನ್ನೊಂದು ಪಾಠ ಬೇಕು ಅಂತ ಒಪ್ಪಿಕೊಂಡೆವು. ಅದೇ ಅಂಗಡಿ, ಅದೇ ನಾಲ್ಕು ಜನ. ಆದರೆ ಸುಬ್ಬಣ್ಣ ಒಂದೇ ಸಲ ಹೊಸ ಅಡಿಕೆಯ ಗೋಣಿ, ಪಟೋರದ ಗೋಣಿ ಎರಡನ್ನೂ ತರುತ್ತಾನೆ, ಅಂಗಡಿಯವರು ಎರಡಕ್ಕೂ ಸೇರಿಸಿ ಒಂದೇ ಚೀಟಿ ಬರೆಯುತ್ತಾರೆ. 101 ಮತ್ತು 103 ಹೇಗೂ ಒಂದೇ ದಿನದ್ದು, ಅವೆರಡನ್ನೂ ಒಂದು ಚೀಟಿ ಮಾಡಿದರೆ ಸಾಕು. ಬಗೆಗಳಿಗೆ ಒಂದು ಟೇಬಲ್, ಚೀಟಿಗೂ ಬಗೆಗೂ ನಡುವೆ ಕಿಲೋ, ದರ ಇರುವ ಇನ್ನೊಂದು. ಚೀಟಿ 103 ಇಲ್ಲವಾದರೂ ಉಳಿದ ನಂಬರ್‌ಗಳನ್ನು ಬದಲಾಯಿಸದೆ ಹಾಗೇ ಬಿಡಬೇಕು ಅಂತ ಕಡತದ ಮೇಲೆ ಈಗಲೇ ಬರೆದಿಟ್ಟಿದ್ದೇನೆ. 102 ಅಂದರೆ ಮೂಸನ ಹದಿನೈದು ಕಿಲೋ ಅಂತ ಆ ಮಕ್ಕಳಿಗೆ ಗೊತ್ತಿದೆ.